ಬೆಳಗ್ಗೆ ಬರದ ಲಾಗಿನ್ ನೋಟಿಫಿಕೇಶನ್ ಮಧ್ಯಾಹ್ನ ಹೇಗೆ ಬರುತ್ತದೆ?

ಪ್ರಶ್ನೆ: ನನ್ನ ಮನೆ ವಿಜಯನಗರ, ಆಫೀಸು ಬೆಳ್ಳಂದೂರಿನ ಕಡೆ. ವಾರದಲ್ಲಿ 3 ದಿನ ಮನೆಯಿಂದಲೇ ಕೆಲಸ, ಬೆಳಗ್ಗೆ 6:30ರ ಶಿಫ್ಟು. ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಹಾಕಿದ ಮೇಲೆ ಫೋನಿನ ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಒಪ್ಪಿಗೆ ಕೊಡಬೇಕು. ಬೆಳಗ್ಗೆ ಅದು ಬರುವುದೇ ಇಲ್ಲ. ಆ್ಯಪ್ ತೆರೆದರೆ ಮಾತ್ರ ಒಳಗೆ ಕೂತಿರುತ್ತದೆ. ಮಧ್ಯಾಹ್ನ ಮತ್ತೆ ಕೇಳಿದರೆ ಟಣ್ ಅಂತ ತಾನೇ ಬರುತ್ತದೆ. ಐಟಿಯವರು "ನಮ್ಮ ಕಡೆಯಿಂದ ಹೋಗಿದೆ ಮೇಡಂ" ಅನ್ನುತ್ತಾರೆ. ಆಂಡ್ರಾಯ್ಡ್ ಫೋನು, ತಗೊಂಡು 3 ತಿಂಗಳಾಯಿತು. ಆ್ಯಪ್ ತೆಗೆದು ಮತ್ತೆ ಹಾಕಲಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ. ಬೇಡ, ದಯವಿಟ್ಟು ಆ್ಯಪ್ ತೆಗೆಯಬೇಡಿ. ಬೇರೆ ಆ್ಯಪ್‌ಗಳ ಹಾಗಲ್ಲ ಇದು. ನಿಮ್ಮ ಆಫೀಸಿನ ಖಾತೆಗೂ ಈ ಫೋನಿಗೂ ಇರುವ ನಂಟು ಆ ಆ್ಯಪ್‌ನೊಳಗೇ ಇದೆ. ತೆಗೆದರೆ ಅದೂ ಹೋಗುತ್ತದೆ. ಬ್ಯಾಕಪ್ ಇದ್ದರೂ ಆಫೀಸಿನ ಖಾತೆಗೆ ಮತ್ತೆ ಲಾಗಿನ್ ಆಗಿ ಹೊಸದಾಗಿ ಜೋಡಿಸಿಕೊಳ್ಳಬೇಕು. ಹಾಗೆ ಲಾಗಿನ್ ಆಗುವುದಕ್ಕೆ ಒಪ್ಪಿಗೆ ಬೇಕು, ಒಪ್ಪಿಗೆ ಕೊಡಬೇಕಾದ ಆ್ಯಪ್ ಆಗಷ್ಟೇ ತೆಗೆದಾಗಿದೆ. ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಆಮೇಲೆ ಐಟಿಯವರೇ ಬಂದು ಬಾಗಿಲು ತೆಗೆಯಬೇಕು. ಸೋಮವಾರ ಬೆಳಗ್ಗೆ 6:30ಕ್ಕೆ ಅವರಲ್ಲಿ ಯಾರು ಸಿಗುತ್ತಾರೆ ಹೇಳಿ. Clear data ಒತ್ತಿದರೂ ಇದೇ ಗತಿ. Clear cache ಒತ್ತಿದರೆ ತೊಂದರೆ ಇಲ್ಲ, ಆದರೆ ಅದರಿಂದ ನಿಮ್ಮ ಕೆಲಸವೂ ಆಗುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಐಟಿಯವರು ಹೇಳಿದ್ದು ಬಹುಶಃ ನಿಜ. ಆ್ಯಪ್ ತೆರೆದ ಕೂಡಲೇ ಒಪ್ಪಿಗೆಯ ಪ್ರಶ್ನೆ ಅಲ್ಲೇ ಇದೆ ಅಂದಿರಲ್ಲ, ಅದೇ ಇಲ್ಲಿ ದೊಡ್ಡ ಸುಳಿವು. ಈ ಪ್ರಶ್ನೆ ನಿಮ್ಮ ಹತ್ತಿರ ಬರುವುದಕ್ಕೆ ಎರಡು ದಾರಿ ಇವೆ. ಒಂದು, ಸರ್ವರ್ ಫೋನನ್ನು ಕರೆದು "ಇಲ್ಲೊಂದು ಲಾಗಿನ್ ಕಾಯುತ್ತಿದೆ" ಅಂತ ಹೇಳುವುದು. ಇನ್ನೊಂದು, ಆ್ಯಪ್ ತಾನೇ ಸರ್ವರ್ ಹತ್ತಿರ ಹೋಗಿ "ನನಗೇನಾದರೂ ಇದೆಯಾ" ಅಂತ ಕೇಳುವುದು. ನೀವು ಆ್ಯಪ್ ತೆರೆದಾಗ ಎರಡನೆಯದು ನಡೆಯುತ್ತದೆ, ಅದು ನಿಮ್ಮಲ್ಲಿ ಚೆನ್ನಾಗಿದೆ. ಅಂದರೆ ಖಾತೆ ಸರಿ, ನೋಂದಣಿ ಸರಿ, ಇಂಟರ್ನೆಟ್ ಸರಿ. ಕೆಟ್ಟಿರುವುದು ಮೊದಲ ದಾರಿ, ಅದೂ ಬೆಳಗಿನ ಹೊತ್ತು ಮಾತ್ರ.

ಸರ್ವರ್ ಕರೆದದ್ದು ನಿಮ್ಮ ಕಣ್ಣಿಗೆ ಬೀಳುವ ಮೊದಲು ಫೋನಿನೊಳಗೆ ಮೂರು ಕಡೆ ತಡೆ ಬೀಳಬಹುದು. ನೋಟಿಫಿಕೇಶನ್ ತೋರಿಸಲು ಆ್ಯಪ್‌ಗೆ ಅನುಮತಿಯೇ ಇಲ್ಲದಿರಬಹುದು. ಬ್ಯಾಟರಿ ಉಳಿಸುವ ಏರ್ಪಾಡು ಆ್ಯಪನ್ನು ಮಲಗಿಸಿರಬಹುದು. ಇಲ್ಲವೇ ನೋಟಿಫಿಕೇಶನ್ ಬಂದರೂ ಡು ನಾಟ್ ಡಿಸ್ಟರ್ಬ್ ಅದನ್ನು ಮುಚ್ಚಿಟ್ಟಿರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ, "ಬರಲಿಲ್ಲ" ಅಷ್ಟೇ. ಹಾಗಾಗಿ ಜನ ಸಿಕ್ಕ ಸಿಕ್ಕ ಸೆಟ್ಟಿಂಗ್ ಎಲ್ಲ ಬದಲಾಯಿಸಿಬಿಡುತ್ತಾರೆ. ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಎರಡು ವಾರ ಬಿಟ್ಟು ಮತ್ತೆ ಅದೇ ಗೋಳು.

ಮೊದಲನೆಯದನ್ನು ನಿಮ್ಮ ಮಟ್ಟಿಗೆ ಬೇಗ ಬದಿಗಿಡಬಹುದು. ಅನುಮತಿ ಅನ್ನುವುದು ಗಡಿಯಾರ ನೋಡುವುದಿಲ್ಲ. ಅದು ಇಲ್ಲದಿದ್ದರೆ ಬೆಳಗ್ಗೆಯೂ ಬರುವುದಿಲ್ಲ, ಮಧ್ಯಾಹ್ನವೂ ಬರುವುದಿಲ್ಲ. ನಿಮಗೆ ಮಧ್ಯಾಹ್ನ ಬರುತ್ತಿದೆ. ಆದರೆ ಯಾವಾಗಲೂ ಬಾರದವರು ಮೊದಲು ಇದನ್ನೇ ನೋಡಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ, ಹೊಸದಾಗಿ ಹಾಕಿದ ಆ್ಯಪ್ ನಿಮ್ಮನ್ನು ಕೇಳಿ, ನೀವು Allow ಅಂದ ಮೇಲೆಯೇ ನೋಟಿಫಿಕೇಶನ್ ತೋರಿಸಬಹುದು. ಹೊಸ ಫೋನಿಗೆ ಒಂದೇ ಸಂಜೆ 40 ಆ್ಯಪ್ ಹಾಕುವ ಗಡಿಬಿಡಿಯಲ್ಲಿ ಎಲ್ಲದಕ್ಕೂ Don't allow ಒತ್ತಿಬಿಡುತ್ತೇವೆ. ಒಂದೆರಡು ಸಲ ಬೇಡ ಅಂದರೆ ಆ್ಯಪ್ ಮತ್ತೆ ಕೇಳುವ ಹಾಗಿಲ್ಲ. ಆಮೇಲೆ Settings, Apps ಒಳಗೆ ಆ ಆ್ಯಪ್‌ನ Notifications ಪುಟಕ್ಕೆ ಹೋಗಿ ನಾವೇ ಆನ್ ಮಾಡಬೇಕು. ಆ ಪುಟದಲ್ಲಿ ಮೇಲಿನ ಸ್ವಿಚ್ ಒಂದನ್ನೇ ನೋಡಿ ಬಂದುಬಿಡಬೇಡಿ. ಕೆಳಗೆ ಬೇರೆ ಬೇರೆ ಬಗೆಯ ನೋಟಿಫಿಕೇಶನ್‌ಗೆ ಬೇರೆ ಬೇರೆ ಸ್ವಿಚ್ ಇರುತ್ತವೆ. ಮೇಲಿನದು ಆನ್ ಇದ್ದು ಕೆಳಗಿನದೊಂದು ಆಫ್ ಇದ್ದರೆ, ಅಥವಾ Silent ಆಗಿದ್ದರೆ, ಸದ್ದಿಲ್ಲದೆ ಕೆಳಗೆಲ್ಲೋ ಹೋಗಿ ಕೂರುತ್ತದೆ.

ನಿಮಗೆ ಉಳಿದದ್ದು ಎರಡು, ಬ್ಯಾಟರಿ ಮತ್ತು ಡು ನಾಟ್ ಡಿಸ್ಟರ್ಬ್. ಇವೆರಡನ್ನು ಬೇರೆ ಮಾಡುವ ಸಾಧನ ನಿಮ್ಮ ಫೋನಿನಲ್ಲೇ ಇದೆ, ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. Settings, Notifications ಒಳಗೆ Notification history ಅಂತ ಒಂದು ಸಾಲು. ಆಂಡ್ರಾಯ್ಡ್ 11ರಿಂದ ಇದೆ. ಕೆಲವು ಕಂಪನಿಯವರು Advanced settings ಅನ್ನುವುದರ ಒಳಗೆ ಇಟ್ಟಿರುತ್ತಾರೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ history ಅಂತ ಟೈಪ್ ಮಾಡಿ. ಸಾಮಾನ್ಯವಾಗಿ ಇದು ಆಫ್ ಆಗಿರುತ್ತದೆ. ಆನ್ ಮಾಡಿದ ಮೇಲೆ ಬಂದದ್ದನ್ನು ಮಾತ್ರ ಬರೆದಿಡುತ್ತದೆ, ಹಳೆಯದು ಸಿಗುವುದಿಲ್ಲ. ಹಾಗಾಗಿ ಇವತ್ತು ರಾತ್ರಿಯೇ ಆನ್ ಮಾಡಿಡಿ.

ತರ್ಕ ಇಷ್ಟೇ. ಡು ನಾಟ್ ಡಿಸ್ಟರ್ಬ್ ನೋಟಿಫಿಕೇಶನ್ ಬರುವುದನ್ನು ತಡೆಯುವುದಿಲ್ಲ, ಸದ್ದು ಮಾಡದಂತೆ, ಕೆಲವು ಸಲ ಕಾಣದಂತೆ ಮಾಡುತ್ತದೆ. ಬಂದದ್ದು ಹಿಸ್ಟರಿಯಲ್ಲಿ ಇರುತ್ತದೆ. ಬ್ಯಾಟರಿಯ ಏರ್ಪಾಡು ಆ್ಯಪನ್ನೇ ಮಲಗಿಸಿದರೆ ನೋಟಿಫಿಕೇಶನ್ ಹುಟ್ಟುವುದೇ ಇಲ್ಲ. ಹಿಸ್ಟರಿ ಖಾಲಿ ಇರುತ್ತದೆ, ಇಲ್ಲವೇ ತಡವಾದ ಸಮಯ ತೋರಿಸುತ್ತದೆ.

ಪರೀಕ್ಷೆ ಹೇಗೆ ಮಾಡಬೇಕು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪುವುದು ಇಲ್ಲೇ. ಎಲ್ಲರೂ ಫೋನನ್ನು ಕೈಯಲ್ಲಿ ಹಿಡಿದು, ಸ್ಕ್ರೀನ್ ಆನ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಾರೆ. ಆಗ ಎಲ್ಲ ಸರಿಯಾಗೇ ಬರುತ್ತದೆ! ಎಚ್ಚರವಾಗಿರುವ ಫೋನಿನಲ್ಲಿ ನಿದ್ದೆಯ ಕಾಯಿಲೆ ಕಾಣುವುದಿಲ್ಲ. ರಿಪೇರಿ ಅಂಗಡಿಯವರು "ನೋಡಿ ಮೇಡಂ, ಬರ್ತಾ ಇದೆಯಲ್ಲ" ಅಂತ ವಾಪಸ್ ಕೊಡುವುದೂ ಇದಕ್ಕೇ.

ಹೀಗೆ ಮಾಡಿ. ರಜೆಯ ದಿನ ಬೆಳಗ್ಗೆ ನಿಮ್ಮ ಶಿಫ್ಟಿನ ಹೊತ್ತಿಗೇ ಮಾಡುವುದು ಒಳ್ಳೆಯದು. ಫೋನನ್ನು ಚಾರ್ಜರಿಂದ ತೆಗೆದು, ಸ್ಕ್ರೀನ್ ಆಫ್ ಮಾಡಿ, ಮೇಜಿನ ಮೇಲೆ ಕನಿಷ್ಠ ಒಂದು ಗಂಟೆ ಅಲುಗಾಡಿಸದೆ ಬಿಡಿ. ಚಾರ್ಜರ್ ತೆಗೆಯುವುದು ಯಾಕೆಂದರೆ, ಚಾರ್ಜ್ ಆಗುತ್ತಿರುವ ಫೋನು ಡೋಜ್ ಅನ್ನುವ ಗಾಢ ನಿದ್ದೆಗೆ ಹೋಗುವುದಿಲ್ಲ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಬ್ರೌಸರ್‌ನ ಪ್ರೈವೇಟ್ ವಿಂಡೋ ತೆರೆದು ಆಫೀಸಿನ ಖಾತೆಗೆ ಲಾಗಿನ್ ಮಾಡಿ. ಮಾಮೂಲಿ ವಿಂಡೋದಲ್ಲಿ ಮಾಡಿದರೆ ಹಳೆಯ ಲಾಗಿನ್ ನೆನಪಿಟ್ಟುಕೊಂಡು ಒಪ್ಪಿಗೆ ಕೇಳದೆಯೇ ಒಳಗೆ ಬಿಡಬಹುದು. ಲ್ಯಾಪ್‌ಟಾಪಿನ ಪರದೆಯಲ್ಲಿ ಎರಡಂಕಿಯ ಸಂಖ್ಯೆ ಬಂದ ಕೂಡಲೇ ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. 6:42 ಅಂತಿಟ್ಟುಕೊಳ್ಳಿ.

ಒಂದು ನಿಮಿಷ ಫೋನ್ ಮುಟ್ಟಬೇಡಿ. ಬೆಳಗಿತಾ, ಸದ್ದಾಯಿತಾ ನೋಡಿ. ಇಲ್ಲದಿದ್ದರೆ ಅನ್‌ಲಾಕ್ ಮಾಡಿ ಮೇಲಿನಿಂದ ಪರದೆ ಎಳೆದು ನೋಡಿ. ಆಮೇಲೆ Notification history ನೋಡಿ. ಕಟ್ಟಕಡೆಗೆ ಅಥೆಂಟಿಕೇಟರ್ ತೆರೆಯಿರಿ. ಈ ಸರದಿ ತಪ್ಪಿಸಬೇಡಿ. ಆ್ಯಪನ್ನು ಮೊದಲೇ ತೆರೆದರೆ ಅದು ಎಚ್ಚರಗೊಂಡುಬಿಡುತ್ತದೆ, ಸಾಕ್ಷಿ ಅಳಿಸಿದ ಹಾಗೆ. ನಿಮಗೆ ಮಧ್ಯಾಹ್ನ ಸರಿಯಾಗಿ ಬರುವುದಕ್ಕೆ ಅರ್ಧ ಕಾರಣ ಇದೇ ಇರಬಹುದು: ಬೆಳಗ್ಗೆ ನೀವು ಕೈಯಾರೆ ತೆರೆದು ಅದನ್ನು ಎಬ್ಬಿಸಿರುತ್ತೀರಿ.

ಹಿಸ್ಟರಿಯಲ್ಲಿ 6:42ರ ಸಾಲು ಇದ್ದು ನಿಮಗೆ ಕೇಳಿಸದೆ, ಕಾಣಿಸದೆ ಹೋಗಿದ್ದರೆ ಅಪರಾಧಿ ಡು ನಾಟ್ ಡಿಸ್ಟರ್ಬ್. "ನಾನು ಅದನ್ನು ಆನ್ ಮಾಡೇ ಇಲ್ಲ" ಅನ್ನುವವರು ಬಹಳ. ಮಾಡಿರುವುದಿಲ್ಲ ನಿಜ. ಆದರೆ ಫೋನಿನಲ್ಲಿ Bedtime mode ಅಥವಾ Sleep mode ಅಂತ ಒಂದಿರುತ್ತದೆ, ಹೊಸ ಫೋನ್ ಹೊಂದಿಸುವಾಗ ಮಲಗುವ ಹೊತ್ತು, ಏಳುವ ಹೊತ್ತು ಕೇಳಿರುತ್ತದೆ. ಸುಮ್ನೆ ರಾತ್ರಿ 11ರಿಂದ ಬೆಳಗ್ಗೆ 7 ಅಂತ ಕೊಟ್ಟು ಮರೆತಿರುತ್ತೇವೆ. ಅದು ದಿನಾ ರಾತ್ರಿ ಡು ನಾಟ್ ಡಿಸ್ಟರ್ಬ್ ಆನ್ ಮಾಡಿ ಬೆಳಗ್ಗೆ ಆಫ್ ಮಾಡುತ್ತದೆ. ನಿಮ್ಮ ಶಿಫ್ಟು 6:30ಕ್ಕೆ. ಲೆಕ್ಕ ಸಿಕ್ಕಿತಲ್ವಾ? ನೀವು ಎದ್ದು ಕಾಫಿ ಕುಡಿದು ಕೂತಿರುತ್ತೀರಿ, ಫೋನಿನ ಲೆಕ್ಕದಲ್ಲಿ ನೀವಿನ್ನೂ ಮಲಗಿದ್ದೀರಿ.

ಇದಕ್ಕೆ ಡು ನಾಟ್ ಡಿಸ್ಟರ್ಬ್ ಪೂರ್ತಿ ಆಫ್ ಮಾಡಬೇಕಾಗಿಲ್ಲ. ಅದರ ಪುಟದಲ್ಲಿ Apps ಅನ್ನುವ ಸಾಲಿಗೆ ಹೋಗಿ ಅಥೆಂಟಿಕೇಟರ್ ಒಂದನ್ನು ಸೇರಿಸಿ. ಉಳಿದವರು ಸುಮ್ಮನಿರುತ್ತಾರೆ, ಇದು ಮಾತ್ರ ಮಾತಾಡುತ್ತದೆ. ಅದೇ ಪುಟದಲ್ಲಿ ಸದ್ದಡಗಿಸಿದ ನೋಟಿಫಿಕೇಶನ್‌ಗಳನ್ನು ಹೇಗೆ ತೋರಿಸಬೇಕು ಅನ್ನುವ ಆಯ್ಕೆಯೂ ಇರುತ್ತದೆ. ಸದ್ದು ಮಾತ್ರ ಬೇಡ ಅನ್ನುವುದು ಬೇರೆ, ಕಣ್ಣಿಗೂ ಬೀಳುವುದು ಬೇಡ ಅನ್ನುವುದು ಬೇರೆ. ಎರಡನೆಯದನ್ನು ಆರಿಸಿದ್ದರೆ ಮೇಲಿನಿಂದ ಎಳೆದರೂ ಏನೂ ಕಾಣದೆ ಹೋಗಬಹುದು. ಮೊದಲನೆಯದಕ್ಕೆ ಬದಲಾಯಿಸಿ.

ಈಗ ಇನ್ನೊಂದು ದಿಕ್ಕು. ಹಿಸ್ಟರಿಯಲ್ಲಿ 6:42ಕ್ಕೆ ಏನೂ ಇಲ್ಲ, ಆದರೂ ಆ್ಯಪ್ ತೆರೆದರೆ ಪ್ರಶ್ನೆ ಇದೆ. ಆಗ ಬ್ಯಾಟರಿಯ ಕಡೆ ಹೋಗಬೇಕು. ಇದು ಸ್ವಲ್ಪ ಆಳದ ವಿಷಯ, ಜನ ತಪ್ಪು ತಿಳಿಯುವುದೂ ಇಲ್ಲೇ.

ಆಂಡ್ರಾಯ್ಡ್‌ನ ಸ್ವಂತ ನಿದ್ದೆ ಡೋಜ್, 2015ರಿಂದ ಇದೆ. ಅಲುಗಾಡದೆ, ಚಾರ್ಜರ್ ಇಲ್ಲದೆ, ಸ್ಕ್ರೀನ್ ಆಫ್ ಆಗಿ ಬಿದ್ದಿರುವ ಫೋನಿನಲ್ಲಿ ಆ್ಯಪ್‌ಗಳ ಇಂಟರ್ನೆಟ್ ಕಡಿದು, ಆಗೊಮ್ಮೆ ಈಗೊಮ್ಮೆ ಮಾತ್ರ ಬಾಗಿಲು ತೆಗೆಯುತ್ತದೆ. ಆದರೆ ಡೋಜ್‌ಗೆ ಒಂದು ತಿಳಿವಳಿಕೆ ಇದೆ. ಗೂಗಲ್‌ನ ಮೂಲಕ ಬರುವ ಸಂದೇಶಗಳಲ್ಲಿ ಎರಡು ದರ್ಜೆ: ಮಾಮೂಲಿ ಮತ್ತು ತುರ್ತು. ತುರ್ತಿನದು ಬಂದರೆ ನಿದ್ದೆಯಲ್ಲೂ ಆ್ಯಪ್‌ಗೆ ಸ್ವಲ್ಪ ಹೊತ್ತು ಎಚ್ಚರವಾಗಲು ಬಿಡುತ್ತದೆ. ಫೋನ್ ಕರೆ, ಚಾಟ್, ಲಾಗಿನ್ ಒಪ್ಪಿಗೆ, ಇಂಥವಕ್ಕೆಂದೇ ಮಾಡಿದ ದರ್ಜೆ ಅದು. ಹಾಗಾಗಿ ಬರೀ ಡೋಜ್ ಒಂದರಿಂದಲೇ ಈ ನೋಟಿಫಿಕೇಶನ್ ಗಂಟೆಗಟ್ಟಲೆ ನಿಲ್ಲುವುದು ಕಡಿಮೆ. ಅದರ ಮೇಲೆ ಇನ್ನೇನೋ ಒಂದು ಇರುತ್ತದೆ. ನನ್ನ ಅನುಭವದಲ್ಲಿ ಅದು ಸಾಮಾನ್ಯವಾಗಿ ಈ ಮೂರರಲ್ಲಿ ಒಂದು.

ಒಂದು, ಫೋನ್ ತಯಾರಕರು ತಾವೇ ಸೇರಿಸಿದ ಬ್ಯಾಟರಿ ಕಾವಲು. ಬ್ಯಾಟರಿ ಎರಡು ದಿನ ಬರುತ್ತದೆ ಅಂತ ಹೇಳಿಕೊಳ್ಳಬೇಕಲ್ಲ, ಅದಕ್ಕೆ ಜಾಸ್ತಿ ಬಿಗಿ ಮಾಡಿರುತ್ತಾರೆ. ನೀವು ತೆರೆಯದ ಆ್ಯಪ್‌ಗಳನ್ನು ಪಟ್ಟಿ ಮಾಡಿ ಮಲಗಿಸುತ್ತಾರೆ. ಇಲ್ಲೊಂದು ತಮಾಷೆ ಇದೆ. ಅಥೆಂಟಿಕೇಟರ್ ಥರದ ಆ್ಯಪನ್ನು ನಾವು ಕೈಯಾರೆ ತೆರೆಯುವುದೇ ಅಪರೂಪ. ಅದು ಕರೆದಾಗ ಉತ್ತರ ಕೊಡುತ್ತೇವೆ, ಅಷ್ಟೇ. ಫೋನಿನ ಲೆಕ್ಕದಲ್ಲಿ ಅದು ಯಾರೂ ಬಳಸದ ಆ್ಯಪ್. ಮನೆಯ ಅಗ್ನಿಶಾಮಕ ಸಿಲಿಂಡರನ್ನು "ಯಾರೂ ಮುಟ್ಟುತ್ತಿಲ್ಲ" ಅಂತ ಅಟ್ಟಕ್ಕೆ ಹಾಕಿದ ಹಾಗೆ.

ಹೆಸರು ಒಬ್ಬೊಬ್ಬರಲ್ಲಿ ಒಂದೊಂದು. ಸ್ಯಾಮ್‌ಸಂಗ್‌ನಲ್ಲಿ Battery ಒಳಗೆ Background usage limits ಅಂತ ಇದೆ. ಅಲ್ಲಿ Sleeping apps, Deep sleeping apps ಪಟ್ಟಿಗಳಲ್ಲಿ ಅಥೆಂಟಿಕೇಟರ್ ಇದ್ದರೆ ತೆಗೆದು, ಎಂದೂ ಮಲಗಿಸಬಾರದ ಆ್ಯಪ್‌ಗಳ ಪಟ್ಟಿಗೆ ಹಾಕಿ. ಶಿಯೋಮಿಯಲ್ಲಿ ಆ್ಯಪ್‌ನ ಮಾಹಿತಿ ಪುಟದಲ್ಲೇ Autostart ಆನ್ ಮಾಡಿ, Battery saver ಸಾಲಿನಲ್ಲಿ No restrictions ಆರಿಸಿ. ಒಪ್ಪೊ, ರಿಯಲ್‌ಮಿಗಳಲ್ಲಿ ಆ್ಯಪ್‌ನ ಬ್ಯಾಟರಿ ಪುಟದಲ್ಲಿ Allow background activity ಮತ್ತು Allow auto launch ಎರಡೂ ಆನ್ ಇರಬೇಕು. ಬೇರೆ ಫೋನುಗಳಲ್ಲಿ ಆ್ಯಪ್‌ನ ಮಾಹಿತಿ ಪುಟ, ಅದರೊಳಗೆ Battery, ಅಲ್ಲಿ Restricted ಇದ್ದರೆ Unrestricted ಮಾಡಿ. "ಬ್ಯಾಟರಿ ಬೇಗ ಖಾಲಿಯಾಗುತ್ತಾ" ಅಂತ ಕೇಳುತ್ತಾರೆ. ದಿನಕ್ಕೆ ನಾಲ್ಕೈದು ಸಲ ಎಚ್ಚರವಾಗುವ ಆ್ಯಪ್ ಅದು, ನಿಮ್ಮ ರೀಲ್ಸ್ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಎಲ್ಲ ಆ್ಯಪ್‌ಗೂ ಹೀಗೆ ಮಾಡಬೇಡಿ, ಇದೊಂದಕ್ಕೆ ಸಾಕು.

ಎರಡು, "ಎಲ್ಲ ಕ್ಲೀನ್" ಮಾಡುವ ಅಭ್ಯಾಸ. ಮಲಗುವ ಮುಂಚೆ ಇತ್ತೀಚಿನ ಆ್ಯಪ್‌ಗಳನ್ನೆಲ್ಲ ಒಂದೇ ಸಲಕ್ಕೆ ಗುಡಿಸಿ ಹಾಕುವುದು. ಹೆಚ್ಚಿನ ಫೋನುಗಳಲ್ಲಿ ಇದರಿಂದ ಏನೂ ಆಗುವುದಿಲ್ಲ. ಕೆಲವು ತಯಾರಕರ ಫೋನುಗಳಲ್ಲಿ ಮಾತ್ರ ಇದು Force stop ಒತ್ತಿದ್ದಕ್ಕೆ ಸಮ. Force stop ಆದ ಆ್ಯಪ್‌ಗೆ ತುರ್ತು ದರ್ಜೆಯ ಸಂದೇಶವೂ ತಲುಪುವುದಿಲ್ಲ. ನೀವು ಮತ್ತೆ ಕೈಯಾರೆ ತೆರೆಯುವ ತನಕ ಅದು ಸತ್ತ ಹಾಗೆ. ರಾತ್ರಿ ಗುಡಿಸಿದ್ದು, ಬೆಳಗ್ಗೆ ಬಾರದ್ದು, ತೆರೆದ ಮೇಲೆ ಇಡೀ ದಿನ ಸರಿ ಇದ್ದದ್ದು. ನಿಮ್ಮ ಕಥೆಗೆ ಇದೂ ಚೆನ್ನಾಗಿ ಹೊಂದುತ್ತದೆ. ಒಂದು ವಾರ ಗುಡಿಸದೆ ಮಲಗಿ ನೋಡಿ. ಗುಡಿಸದೆ ನಿದ್ದೆ ಬರದವರಿಗೆ, ಹಲವು ಫೋನುಗಳಲ್ಲಿ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲೇ ಒಂದು ಆ್ಯಪ್‌ಗೆ ಬೀಗದ ಗುರುತು ಹಾಕಬಹುದು. ಆಗ ಗುಡಿಸಿದರೂ ಅದು ಉಳಿಯುತ್ತದೆ.

ಮೂರು, ತಿಂಗಳುಗಟ್ಟಲೆ ಬಳಸದ ಆ್ಯಪ್‌ಗಳನ್ನು ಆಂಡ್ರಾಯ್ಡ್ ತಾನೇ ಸ್ಥಗಿತಗೊಳಿಸುವುದು. ಆಂಡ್ರಾಯ್ಡ್ 12ರಿಂದ ಇದೆ. ಅನುಮತಿಗಳನ್ನೂ ವಾಪಸ್ ತೆಗೆದುಕೊಳ್ಳುತ್ತದೆ, ಸಂದೇಶ ತಲುಪುವುದನ್ನೂ ನಿಲ್ಲಿಸುತ್ತದೆ. ದಿನಾ ಲಾಗಿನ್ ಆಗುವ ನಿಮಗೆ ಇದು ಬಾಧಿಸದು. ಹೆರಿಗೆ ರಜೆ ಮುಗಿಸಿ ಬಂದವರಿಗೆ, ವರ್ಷಕ್ಕೆ ಒಂದೆರಡು ಸಲ ಮಾತ್ರ ಲಾಗಿನ್ ಆಗುವವರಿಗೆ ಇದು ಬರುತ್ತದೆ. ಆ್ಯಪ್‌ನ ಮಾಹಿತಿ ಪುಟದ ಕೆಳಗೆ Pause app activity if unused ಅಥವಾ Manage app if unused ಅನ್ನುವ ಸ್ವಿಚ್ ಇರುತ್ತದೆ, ಅದನ್ನು ಆಫ್ ಮಾಡಿಡಿ.

ಇದಲ್ಲದೆ ಬ್ಯಾಟರಿ ಕಡಿಮೆಯಾದಾಗ ತಾನೇ ಆನ್ ಆಗುವ Battery Saver ಬೇರೆ ಇದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕ್ಯಾಬ್ ನಿಂತಾಗ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆಯುವವರು ಇದಕ್ಕೆ ಸಿಗುತ್ತಾರೆ. ಹಾಟ್‌ಸ್ಪಾಟು ಬ್ಯಾಟರಿ ಕುಡಿಯುತ್ತದೆ, ಫೋನು ಉಳಿಸುವ ಮೋಡ್‌ಗೆ ಹೋಗುತ್ತದೆ, ಹಿನ್ನೆಲೆಯ ಕೆಲಸಗಳು ತಡವಾಗುತ್ತವೆ. ಆಗ ಕಾಯುತ್ತಾ ಕೂರಬೇಡಿ, ಆ್ಯಪ್ ತೆರೆದುಬಿಡಿ.

ಎರಡು ಕಾರಣ ಒಟ್ಟಿಗೆ ಇರುವುದೂ ಉಂಟು. ನಮ್ಮ ಕಟ್ಟಡದ ಮೇಲಿನ ಮನೆಯ ಹುಡುಗಿಗೆ ಹಾಗೇ ಆಗಿತ್ತು. ಅವಳದೂ ಬೆಳಗಿನ ಪಾಳಿ. ಶನಿವಾರ ಪರೀಕ್ಷೆ ಮಾಡಿದೆವು, ಹಿಸ್ಟರಿಯಲ್ಲಿ ಸರಿಯಾದ ಸಮಯದ ಸಾಲು ಸಿಕ್ಕಿತು. ಬೆಡ್‌ಟೈಮ್ ಮೋಡ್ 7:30ರ ತನಕ ಇತ್ತು. ಆ್ಯಪನ್ನು ವಿನಾಯಿತಿ ಪಟ್ಟಿಗೆ ಸೇರಿಸಿದೆವು. ವಾರವಿಡೀ ಚೆನ್ನಾಗಿ ಬಂತು, ನಾನೂ ಬೀಗಿದೆ. ಮುಂದಿನ ಸೋಮವಾರ ಬೆಳಗ್ಗೆ ಬಾಗಿಲು ತಟ್ಟಿದಳು: "ಅಂಕಲ್, ಮತ್ತೆ ಬರ್ತಿಲ್ಲ." ಈ ಸಲ ಹಿಸ್ಟರಿ ಖಾಲಿ. ಕೇಳಿದರೆ, ಭಾನುವಾರ ರಾತ್ರಿ ಫೋನ್ ಬಿಸಿಯಾಗುತ್ತಿದೆ ಅಂತ ಫೋನಿನ ಜೊತೆಗೇ ಬಂದಿದ್ದ ಕ್ಲೀನರ್ ಆ್ಯಪ್‌ನಲ್ಲಿ ಎಲ್ಲ ಗುಡಿಸಿದ್ದಳಂತೆ. ಹಿಸ್ಟರಿ ನೋಡದೇ ಇದ್ದಿದ್ದರೆ "ಡು ನಾಟ್ ಡಿಸ್ಟರ್ಬ್ ಬದಲಾಯಿಸಿದ್ದು ಉಪಯೋಗವಾಗಲಿಲ್ಲ" ಅಂತ ಅದನ್ನೂ ಹಳೆಯ ಸ್ಥಿತಿಗೆ ತಂದುಬಿಡುತ್ತಿದ್ದೆವು. ಅದಕ್ಕೇ ಹೇಳುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಡಿ. ಸರಿಹೋಯಿತು ಅಂತ ನಂಬುವ ಮೊದಲು ಒಂದು ಸೋಮವಾರ ದಾಟಲಿ. ಎರಡು ದಿನ ಬಳಸದೆ ಬಿಟ್ಟ ಆ್ಯಪ್‌ಗೆ ನಿಜವಾದ ಪರೀಕ್ಷೆ ಅವತ್ತೇ.

ನಿಮ್ಮ ಫೋನಿನಲ್ಲಿ ಇನ್ನೆರಡು ಸಣ್ಣ ವಿಷಯ ನೋಡಿ. ಆಫೀಸಿನವರು ವರ್ಕ್ ಪ್ರೊಫೈಲ್, ಅಂದರೆ ಆಫೀಸಿನ ಆ್ಯಪ್‌ಗಳಿಗೆ ಫೋನಿನೊಳಗೇ ಬೇರೆ ಕೋಣೆ, ಹಾಕಿಸಿದ್ದಾರಾ? ಆ್ಯಪ್‌ನ ಐಕಾನ್ ಮೇಲೆ ಪುಟ್ಟ ಸೂಟ್‌ಕೇಸ್ ಗುರುತು ಇದ್ದರೆ ಹೌದು. ಸಂಜೆ ಕೆಲಸ ಮುಗಿದ ಮೇಲೆ ಆ ಪ್ರೊಫೈಲನ್ನು ನಿಲ್ಲಿಸಿದ್ದರೆ ಅದರೊಳಗಿನ ಆ್ಯಪ್‌ಗಳು ಓಡುವುದೇ ಇಲ್ಲ, ನೋಟಿಫಿಕೇಶನ್‌ನ ಮಾತು ದೂರ. ಆನ್ ಮಾಡಿದ ಕೂಡಲೇ ಸರಿಹೋಗುತ್ತದೆ. ಇನ್ನೊಂದು, 3 ತಿಂಗಳ ಹಿಂದೆ ಬಿಟ್ಟ ಹಳೆಯ ಫೋನು. ಅದಿನ್ನೂ ಖಾತೆಗೆ ಜೋಡಿಸಿಕೊಂಡೇ ಇರಬಹುದು. mysignins.microsoft.com/security-info ಪುಟ ತೆರೆದರೆ ಯಾವ ಯಾವ ಸಾಧನಗಳು ಇವೆ ಅಂತ ಕಾಣುತ್ತದೆ. ಹೊಸ ಫೋನಿನದು ಇದೆ ಅಂತ ಖಚಿತ ಮಾಡಿಕೊಂಡು ಹಳೆಯದನ್ನು ತೆಗೆದುಹಾಕಿ.

ಮನೆಯಲ್ಲಿ ಯಾರಾದರೂ ಐಫೋನ್ ಬಳಸುತ್ತಿದ್ದರೆ ಅವರ ಕಥೆ ಸ್ವಲ್ಪ ಬೇರೆ. ಅಲ್ಲಿ ಬ್ಯಾಟರಿಯ ಕಾಟ ಕಡಿಮೆ, ಡು ನಾಟ್ ಡಿಸ್ಟರ್ಬ್ ಸೇರಿರುವ Focus ಅನ್ನುವ ಏರ್ಪಾಡಿನ ಕಾಟ ಜಾಸ್ತಿ. ಅದರಲ್ಲಿ Share Across Devices ಆನ್ ಇದ್ದರೆ, ಮೀಟಿಂಗ್‌ಗೆಂದು ಮ್ಯಾಕ್‌ನಲ್ಲಿ ಹಾಕಿದ ಡು ನಾಟ್ ಡಿಸ್ಟರ್ಬ್ ಫೋನಿಗೂ ಬರುತ್ತದೆ. ಆ್ಯಪ್ Scheduled Summary ಪಟ್ಟಿಗೆ ಸೇರಿದ್ದರೆ ನೋಟಿಫಿಕೇಶನ್‌ಗಳು ಕಟ್ಟಾಗಿ ನಿಗದಿತ ಹೊತ್ತಿಗೆ ಬರಬಹುದು. ಕೈಯಲ್ಲಿ ಆ್ಯಪಲ್ ವಾಚ್ ಇದ್ದು ಫೋನ್ ಲಾಕ್ ಆಗಿದ್ದರೆ ಸೂಚನೆ ಕೈಗಡಿಯಾರಕ್ಕೆ ಹೋಗುತ್ತದೆ, ಫೋನು ಸುಮ್ಮನಿರುತ್ತದೆ.

ಪರೀಕ್ಷೆಯೆಲ್ಲ ಮುಗಿಯುವ ತನಕ ಬೆಳಗಿನ ಲಾಗಿನ್ ನಿಲ್ಲಿಸುವ ಹಾಗಿಲ್ಲವಲ್ಲ. ನೋಟಿಫಿಕೇಶನ್ ಬರಲಿಲ್ಲ ಅಂತ ಲ್ಯಾಪ್‌ಟಾಪಿನಲ್ಲಿ ಐದಾರು ಸಲ ಹೊಸದಾಗಿ ಕಳಿಸಬೇಡಿ. ಪ್ರತಿ ಸಲವೂ ಹೊಸ ಸಂಖ್ಯೆ ಬರುತ್ತದೆ, ಫೋನಿನಲ್ಲಿ ತೆರೆದದ್ದು ಹಳೆಯದಾದರೆ ತಾಳೆಯಾಗುವುದಿಲ್ಲ. ಒಂದು ಸಲ ಕಳಿಸಿ, ಆ್ಯಪ್ ತೆರೆದು ಅರ್ಧ ನಿಮಿಷ ಕಾಯಿರಿ. ಆಗಲೂ ಬಾರದಿದ್ದರೆ ಲಾಗಿನ್ ಪುಟದ ಕೆಳಗೆ I can't use my Microsoft Authenticator app right now ಅನ್ನುವ ಸಾಲು ಒತ್ತಿ, Use a verification code ಆರಿಸಿ. ಆ್ಯಪ್‌ನಲ್ಲಿ ನಿಮ್ಮ ಆಫೀಸಿನ ಖಾತೆ ಮುಟ್ಟಿದರೆ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ಕಾಣುತ್ತದೆ. ಇದಕ್ಕೆ ನೋಟಿಫಿಕೇಶನ್ ಬೇಡ, ಇಂಟರ್ನೆಟ್ ಕೂಡ ಬೇಡ. ಫೋನಿನ ಗಡಿಯಾರ ಮಾತ್ರ ಸರಿ ಇರಬೇಕು, ಹಾಗಾಗಿ ಸಮಯವನ್ನು ಆಟೋಮ್ಯಾಟಿಕ್‌ನಲ್ಲೇ ಇಡಿ. ನಿಮ್ಮ ಆಫೀಸು ಈ ದಾರಿಗೆ ಅವಕಾಶ ಕೊಟ್ಟಿರಬೇಕು ಅನ್ನುವುದೊಂದೇ ಷರತ್ತು. ಈ ಆಯ್ಕೆ ಕಾಣದಿದ್ದರೆ ಅವರು ಮುಚ್ಚಿದ್ದಾರೆ ಅಂತ ಅರ್ಥ.

ಕೋಡ್ ಹಾಕಿ ಒಳಗೆ ಹೋದ ಮೇಲೆ, ಹತ್ತು ನಿಮಿಷ ಬಿಟ್ಟು ಆ ತಡವಾದ ನೋಟಿಫಿಕೇಶನ್ ಬಂದರೆ ಅದಕ್ಕೆ ಒಪ್ಪಿಗೆ ಕೊಡಲು ಹೋಗಬೇಡಿ, ಸುಮ್ನೆ ಸರಿಸಿಬಿಡಿ. ಅಷ್ಟು ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಅವಧಿ ಮುಗಿಯದೆ ಇನ್ನೂ ಸಂಖ್ಯೆ ಕೇಳುತ್ತಿದ್ದರೆ ಅದು ನೀವು ಶುರು ಮಾಡಿದ ಲಾಗಿನ್ ಅಲ್ಲದೆಯೂ ಇರಬಹುದು. ನೀವು ಯಾವ ಪರದೆಯ ಮುಂದೂ ಕೂತಿಲ್ಲದ ಹೊತ್ತಿನಲ್ಲಿ ಹೀಗೆ ಬಂದರೆ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿದೆ ಅಂತಲೇ ತಿಳಿದು, ಐಟಿಗೆ ತಿಳಿಸಿ, ಪಾಸ್‌ವರ್ಡ್ ಬದಲಾಯಿಸಿ.

ಇಷ್ಟೆಲ್ಲ ಮಾಡಿಯೂ ಹಿಸ್ಟರಿ ಖಾಲಿಯೇ ಇದ್ದರೆ ಇನ್ನೊಂದೇ ಪರೀಕ್ಷೆ ಉಳಿದಿದೆ: ಮನೆಯ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡುವುದು. ಅಲ್ಲಿ ಬಂದರೆ ತೊಡಕು ವೈಫೈನದು. ಅಲ್ಲೂ ಬರದಿದ್ದರೆ ಮತ್ತೆ ಐಟಿಯವರಿಗೆ ಫೋನ್ ಮಾಡಿ, ಆದರೆ "ಬರ್ತಿಲ್ಲ" ಅಂತ ಮಾತ್ರ ಹೇಳಬೇಡಿ. "ಇವತ್ತು 6:42ಕ್ಕೆ ಕಳಿಸಿದ್ದು, ನೋಟಿಫಿಕೇಶನ್ ಹಿಸ್ಟರಿಯಲ್ಲಿ ಇಲ್ಲ, ಆ್ಯಪ್ ತೆರೆದರೆ ಕಾಣಿಸ್ತು, ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಇದೆ, ವೈಫೈ ಆಫ್ ಮಾಡಿಯೂ ನೋಡಿದೆ" ಅನ್ನಿ. ಅವರ ಲಾಗಿನ್ ದಾಖಲೆಯಲ್ಲಿ ಆ ನಿಮಿಷದ ಸಾಲು ಇರುತ್ತದೆ, ಕೋರಿಕೆ ಹೋಗಿತ್ತಾ, ಉತ್ತರ ಬಂತಾ ಅಂತ ನೋಡಬಹುದು. ಆಗ ಅವರು ನಿಮ್ಮ ಖಾತೆಗೆ ಹೊಸ ನೋಂದಣಿಗೆ ಅವಕಾಶ ತೆರೆದುಕೊಟ್ಟರೆ, ಅವರು ಫೋನಿನಲ್ಲಿ ಮಾತಾಡುತ್ತಿರುವಾಗಲೇ ಆ್ಯಪ್ ತೆಗೆದು ಮತ್ತೆ ಹಾಕಿ. ಆ್ಯಪ್ ತೆಗೆಯಬಹುದಾದ ಒಂದೇ ಹೊತ್ತು ಅದು.